ಬಿಡಿಸಿದ ಪ್ಲಮ್ಮರ್ ಬ್ಲಾಕ್: ಎಕ್ಸ್‌ಪ್ಲೋಡೆಡ್ ವ್ಯೂ, ಬಲೂನ್ ಮತ್ತು ಬಿಲ್ ಆಫ್ ಮೆಟೀರಿಯಲ್ಸ್ ಸಿದ್ಧವಾಗುವ ಬಗೆ

ತುಮಕೂರಿನ ಅಂತರಸನಹಳ್ಳಿ, ವಸಂತನರಸಾಪುರದ ಕಡೆಯ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಬಹುಕಾಲದಿಂದ ನಡೆದುಬಂದದ್ದು ಬಿಡಿ ಭಾಗಗಳ ಕೆಲಸ. ಒಂದು ಹಾಳೆಯಲ್ಲಿ ಒಂದು ಪಾರ್ಟ್, ಅದರ ಅಳತೆ, ಅದರ ಲೋಹ. ಅಷ್ಟನ್ನು ಓದಲು ಬಂದರೆ ಸಾಕಾಗುತ್ತಿತ್ತು. ಆದರೆ ಬಿಡಿ ಭಾಗದ ಬದಲು ಜೋಡಿಸಿದ ಘಟಕವನ್ನೇ ಮಾಡಿಕೊಡಿ ಎಂಬ ಆರ್ಡರ್ ಬಂದ ದಿನ ಮೇಜಿನ ಮೇಲೆ ಬೇರೆ ಬಗೆಯ ಹಾಳೆ ಬಂದು ಕೂರುತ್ತದೆ. ಅದರಲ್ಲಿ ಭಾಗಗಳು ಗಾಳಿಯಲ್ಲಿ ತೇಲುತ್ತಿರುವಂತೆ ಬಿಡಿಬಿಡಿಯಾಗಿರುತ್ತವೆ, ಸುತ್ತಲೂ ವೃತ್ತದೊಳಗೆ ಅಂಕಿಗಳಿರುತ್ತವೆ, ಮೂಲೆಯಲ್ಲಿ ಒಂದು ಕೋಷ್ಟಕವಿರುತ್ತದೆ. ಆ ಹಾಳೆಯನ್ನು ಓದುವುದಷ್ಟೇ ಅಲ್ಲ, ಅಂಥದ್ದನ್ನು ತಾವೇ ತಯಾರಿಸಿ ಕೊಡಬೇಕಾದ ಸಂದರ್ಭವೂ ಎದುರಾಗುತ್ತದೆ. ಈ ಲೇಖನವು ಅಂಥ ಒಂದು ಹಾಳೆ ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ಒಂದೇ ಉದಾಹರಣೆಯ ಮೂಲಕ ವಿವರಿಸುತ್ತದೆ.

ಮೂರು ಪದಗಳು

ಮನೆಯ ಊಟದ ಕ್ಯಾರಿಯರ್ ಅನ್ನು ನೆನಪಿಸಿಕೊಳ್ಳಿ. ಹಿಡಿಕೆಯ ಚಿಲಕ ತೆಗೆದು, ಡಬ್ಬಿಗಳನ್ನು ಒಂದೊಂದಾಗಿ ನೇರ ಮೇಲಕ್ಕೆತ್ತಿ, ಪ್ರತಿಯೊಂದನ್ನೂ ಅದರ ಸ್ಥಾನದ ಮೇಲೆಯೇ ಗಾಳಿಯಲ್ಲಿ ನಿಲ್ಲಿಸಲು ಸಾಧ್ಯವಾದರೆ ಕಾಣುವ ನೋಟವೇ ಎಕ್ಸ್‌ಪ್ಲೋಡೆಡ್ ವ್ಯೂ, ಅಂದರೆ ಬಿಡಿಸಿದ ನೋಟ. ಯಾವ ಡಬ್ಬಿ ಯಾವುದರ ಮೇಲೆ ಕೂರುತ್ತದೆ ಎಂಬುದು ಹೇಳದೆಯೇ ತಿಳಿಯುತ್ತದೆ. ಭಾಗಗಳು ಬೇರೆಯಾದರೂ ಅವುಗಳ ಸಾಲು ತಪ್ಪುವುದಿಲ್ಲ ಎಂಬುದೇ ಇದರ ಜೀವಾಳ.

ಬಿಲ್ ಆಫ್ ಮೆಟೀರಿಯಲ್ಸ್ ಎಂದರೆ ಆ ಜೋಡಣೆಗೆ ಬೇಕಾದ ಭಾಗಗಳ ಪಟ್ಟಿ. ಅಂಗಡಿಗೆ ಒಯ್ಯುವ ಜಿನಸಿ ಚೀಟಿಯಂತೆ ಅದರಲ್ಲಿ ಹೆಸರು, ಬಗೆ ಮತ್ತು ಎಷ್ಟು ಬೇಕು ಎಂಬುದು ಇರುತ್ತದೆ. ವರ್ಕ್‌ಶಾಪ್‌ಗಳಲ್ಲಿ ಇದನ್ನು ಸುಮ್ಮನೆ ಬಾಮ್ ಎನ್ನುತ್ತಾರೆ.

ಬಲೂನ್ ಎಂದರೆ ಅಂಕಿ ಬರೆದ ಸಣ್ಣ ವೃತ್ತ. ಅದರಿಂದ ಹೊರಟ ಒಂದು ತೆಳು ಗೆರೆ ಭಾಗವನ್ನು ಮುಟ್ಟುತ್ತದೆ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದಂತೆ ಇದು. ಚಪ್ಪಲಿಗೆ ಕಟ್ಟಿದ ಅಂಕಿ ಮತ್ತು ನಮ್ಮ ಕೈಯಲ್ಲಿರುವ ಅಂಕಿ ಒಂದೇ ಆಗಿದ್ದರೆ ಮಾತ್ರ ನಮ್ಮ ಚಪ್ಪಲಿ ನಮಗೆ ಸಿಗುತ್ತದೆ. ಚಿತ್ರದಲ್ಲಿರುವ ಭಾಗವನ್ನು ಪಟ್ಟಿಯ ಸಾಲಿಗೆ ಕಟ್ಟುವ ಕೊಂಡಿ ಈ ಅಂಕಿ ಒಂದೇ. ಇಡೀ ಹಾಳೆಯಲ್ಲಿ ಅತಿ ಹೆಚ್ಚು ಎಚ್ಚರ ಬೇಡುವುದೂ ಅದೇ.

ಉದಾಹರಣೆಯ ಭಾಗಗಳು

ತಿರುಗುವ ಶಾಫ್ಟನ್ನು ಹೊತ್ತು ನಿಲ್ಲಿಸುವ ಪೀಠಕ್ಕೆ ಪ್ಲಮ್ಮರ್ ಬ್ಲಾಕ್ ಎಂದು ಹೆಸರು. ಈಗ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬ್ಲಾಕ್‌ಗಳೊಳಗೆ ಸಾಮಾನ್ಯವಾಗಿ ಬಾಲ್ ಬೇರಿಂಗ್ ಇರುತ್ತದೆ. ಆದರೆ ಹಳೆಯ ಹಿಟ್ಟಿನ ಗಿರಣಿಗಳ ಉದ್ದ ಶಾಫ್ಟ್‌ಗಳ ಕೆಳಗೆ ಎರಡು ಹೋಳಾಗಿ ಬಿಚ್ಚಿಕೊಳ್ಳುವ ಹಳೆಯ ಬಗೆಯವನ್ನು ಇಂದಿಗೂ ಕಾಣಬಹುದು. ಡಿಪ್ಲೊಮಾ ವಿದ್ಯಾರ್ಥಿಗಳು ಡ್ರಾಯಿಂಗ್ ತರಗತಿಯಲ್ಲಿ ಬರೆಯುವುದೂ ಇದನ್ನೇ. ನಮ್ಮ ಉದಾಹರಣೆ 50 ಮಿ.ಮೀ. ಶಾಫ್ಟಿನ ಇಂಥ ಒಂದು ಬ್ಲಾಕ್.

ಕೆಳಗೆ ಬೀಡಿನಲ್ಲಿ ಎರಕ ಹೊಯ್ದ ಬಾಡಿ ಇರುತ್ತದೆ. ಅದರ ಅರ್ಧವೃತ್ತದ ಕುಳಿಯೊಳಗೆ ಶಾಫ್ಟ್ ಒರಗಿ ತಿರುಗುವ ಗನ್‌ಮೆಟಲ್‌ನ ಅರ್ಧ ಹೋಳು, ಅಂದರೆ ಕೆಳ ಬ್ರಾಸ್ ಕೂರುತ್ತದೆ. ಕೆಳ ಬ್ರಾಸಿನ ತಳದಲ್ಲಿ ಒಂದು ಗಿಡ್ಡ ಮೊಳೆಯಂಥ ಉಬ್ಬು ಇದ್ದು, ಅದು ಬಾಡಿಯ ತೂತಿನೊಳಗೆ ಇಳಿದು, ಶಾಫ್ಟಿನ ಜೊತೆ ಬ್ರಾಸ್ ತಿರುಗದಂತೆ ತಡೆಯುತ್ತದೆ. ಶಾಫ್ಟಿನ ಮೇಲೆ ಮೇಲ್ ಬ್ರಾಸ್, ಅದರ ಮೇಲೆ ಬೀಡಿನ ಕ್ಯಾಪ್. ಎರಡು ಚೌಕ ತಲೆಯ ಬೋಲ್ಟ್‌ಗಳು ಬಾಡಿಯ ತಳದಿಂದ ಮೇಲಕ್ಕೆ ಬಂದು ಕ್ಯಾಪನ್ನು ದಾಟುತ್ತವೆ. ಪ್ರತಿಯೊಂದರ ಮೇಲೂ ಒಂದು ನಟ್, ಅದು ಸಡಿಲವಾಗದಂತೆ ಮೇಲೊಂದು ಚೆಕ್ ನಟ್. ಹೀಗೆ ಭಾಗಗಳ ಬಗೆ ಏಳು, ಬಿಡಿ ತುಂಡುಗಳು ಹತ್ತು.

ಬಿಡಿಸುವುದು: ಕಳಚುವ ಹಾದಿಯಲ್ಲೇ ಸಾಗಬೇಕು

ಮೊದಲ ಸಲ ಕಂಪ್ಯೂಟರಿನಲ್ಲಿ ಈ ಕೆಲಸ ಮಾಡುವವರು ಸಾಮಾನ್ಯವಾಗಿ ಜೋಡಣೆಯಲ್ಲಿರುವ ಭಾಗಗಳನ್ನು ಮೌಸ್‌ನಿಂದ ಹಿಡಿದು ದೂರ ಎಳೆಯಲು ಹೋಗುತ್ತಾರೆ. ಭಾಗಗಳು ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಂಡಿರುವುದರಿಂದ ಅವು ಕದಲುವುದಿಲ್ಲ. ಆಗ ಆ ಕಟ್ಟುಗಳನ್ನೇ ಅಳಿಸಿಬಿಡುತ್ತಾರೆ. ಚಿತ್ರವೇನೋ ಬಿಡಿಸಿದಂತೆ ಕಾಣುತ್ತದೆ, ಆದರೆ ಜೋಡಣೆ ಹಾಳಾಗಿರುತ್ತದೆ. ಬಿಡಿಸಿದ ನೋಟ ಎಂಬುದು ಬೇರೊಂದು ಮಾದರಿಯಲ್ಲ, ಅದೇ ಜೋಡಣೆಯ ಇನ್ನೊಂದು ಸ್ಥಿತಿ. ಸಾಲಿಡ್‌ವರ್ಕ್ಸ್‌ನಲ್ಲಿ ಜೋಡಣೆಯನ್ನು ತೆರೆದು `Exploded View` ಒತ್ತಿದರೆ, ಪ್ರತಿ ಚಲನೆಯೂ ಒಂದೊಂದು ಹೆಜ್ಜೆಯಾಗಿ ಪ್ರತ್ಯೇಕವಾಗಿ ದಾಖಲಾಗುತ್ತದೆ. ಭಾಗಗಳ ನಡುವಿನ ಕಟ್ಟುಗಳಿಗೆ ಏನೂ ಆಗುವುದಿಲ್ಲ. ಬೇಕೆಂದಾಗ ಬಿಡಿಸಬಹುದು, ಬೇಡವೆಂದಾಗ ಮತ್ತೆ ಮಡಚಬಹುದು.

ಯಾವ ಭಾಗವನ್ನು ಮೊದಲು ಸರಿಸಬೇಕು ಎಂಬುದಕ್ಕೆ ಉತ್ತರ ಸ್ಪ್ಯಾನರ್ ಹಿಡಿದವನ ಕೈಯಲ್ಲಿದೆ. ಅವನು ಮೊದಲು ಚೆಕ್ ನಟ್ ಬಿಚ್ಚುತ್ತಾನೆ, ಆಮೇಲೆ ನಟ್, ಆಮೇಲೆ ಕ್ಯಾಪ್ ಎತ್ತುತ್ತಾನೆ, ಆಮೇಲೆ ಮೇಲ್ ಬ್ರಾಸ್, ಕೊನೆಗೆ ಕೆಳ ಬ್ರಾಸ್. ನಾವೂ ಅದೇ ಕ್ರಮದಲ್ಲಿ ಹೆಜ್ಜೆ ಹಾಕಬೇಕು. ಎರಡು ಚೆಕ್ ನಟ್‌ಗಳನ್ನು ಒಟ್ಟಿಗೆ ಆಯ್ದು ಒಂದೇ ಹೆಜ್ಜೆಯಲ್ಲಿ ಸರಿಸಬೇಕು. ಬೇರೆ ಬೇರೆಯಾಗಿ ಎಳೆದರೆ ಒಂದು ಮೇಲೆ, ಇನ್ನೊಂದು ತುಸು ಕೆಳಗೆ ನಿಂತು, ಅವೆರಡೂ ಬೇರೆ ಭಾಗಗಳೇನೋ ಎಂಬ ಅನುಮಾನ ಓದುವವನಿಗೆ ಬರುತ್ತದೆ.

ಎಷ್ಟು ದೂರ ಸರಿಸಬೇಕು? ಈ ಬ್ಲಾಕಿಗೆ ನಾನು ಬಳಸಿದ ಅಂಕಿಗಳು ಇವು: ಬಾಡಿ ಇದ್ದಲ್ಲೇ ಇರುತ್ತದೆ, ಕೆಳ ಬ್ರಾಸ್ 60 ಮಿ.ಮೀ. ಮೇಲಕ್ಕೆ, ಮೇಲ್ ಬ್ರಾಸ್ 90, ಕ್ಯಾಪ್ 150, ನಟ್ 190, ಚೆಕ್ ನಟ್ 205. ಮೌಸ್‌ನಿಂದ ಎಳೆಯುವ ಬದಲು ಅಂಕಿಯನ್ನೇ ಟೈಪ್ ಮಾಡುವುದು ಒಳ್ಳೆಯದು. ದೂರ ಕಡಿಮೆಯಾದರೆ ಒಂದು ಭಾಗ ಇನ್ನೊಂದನ್ನು ಮುಚ್ಚುತ್ತದೆ. ಹೆಚ್ಚಾದರೆ ಚಿತ್ರ ಹಾಳೆಯಲ್ಲಿ ಹಿಡಿಸದೆ ಎಲ್ಲವನ್ನೂ ಕಿರಿದಾಗಿಸಬೇಕಾಗುತ್ತದೆ. ಜೋಡಿಸಿದಾಗ ಸುಮಾರು 125 ಮಿ.ಮೀ. ಎತ್ತರವಿದ್ದ ಈ ಬ್ಲಾಕ್ ಬಿಡಿಸಿದಾಗ 455 ಮಿ.ಮೀ.ನಷ್ಟು ಉದ್ದವಾಯಿತು. ಅರ್ಧ ಅಳತೆಯಲ್ಲಿ ಐಸೊಮೆಟ್ರಿಕ್ ಆಗಿ ಇಟ್ಟರೆ ಆ ಉದ್ದ ಹಾಳೆಯ ಮೇಲೆ ಸುಮಾರು 187 ಮಿ.ಮೀ. ಆಗುತ್ತದೆ; ಐಸೊಮೆಟ್ರಿಕ್ ನೋಟದಲ್ಲಿ ಲಂಬ ಅಳತೆ ತನ್ನ ನಿಜ ಉದ್ದದ ಸುಮಾರು 0.82 ಪಾಲಿಗೆ ಕುಗ್ಗುವುದು ಇದಕ್ಕೆ ಕಾರಣ. ಅಡ್ಡಲಾಗಿಟ್ಟ ಎ3 ಹಾಳೆಯ ಎತ್ತರ 297 ಮಿ.ಮೀ. ಆದ್ದರಿಂದ ಚಿತ್ರ ಅದರಲ್ಲಿ ನಿರಾಳವಾಗಿ ಕೂರುತ್ತದೆ, ಬಲಗಡೆ ಪಟ್ಟಿಗೂ ಜಾಗ ಉಳಿಯುತ್ತದೆ.

ಬೋಲ್ಟ್‌ಗಳ ಮಾತು ಬೇರೆ. ಅವನ್ನು ಉಳಿದೆಲ್ಲದರಂತೆ ಮೇಲಕ್ಕೆ ಎಳೆದರೆ ಚಿತ್ರ ನೋಡಲು ಅಂದವಾಗಿಯೇ ಇರುತ್ತದೆ, ಆದರೆ ಸುಳ್ಳು ಹೇಳುತ್ತದೆ. ಬೋಲ್ಟಿನ ಚೌಕ ತಲೆ ಬಾಡಿಯ ತಳದಲ್ಲಿರುವ ಚೌಕ ಕುಳಿಯಲ್ಲಿ ಕೂತಿರುತ್ತದೆ. ನಟ್ ಬಿಗಿ ಮಾಡುವಾಗ ಬೋಲ್ಟ್ ತಿರುಗದೆ ನಿಲ್ಲುವುದು ಆ ಕುಳಿಯಿಂದಲೇ. ಹಾಗಾಗಿ ಬೋಲ್ಟ್ ಹೊರಬರುವುದು ಕೆಳಗಿನಿಂದ ಮಾತ್ರ. ನಾನು ಅವನ್ನು 140 ಮಿ.ಮೀ. ಕೆಳಕ್ಕೆ ಸರಿಸಿದೆ. ಇದು ಚಿತ್ರದ ಚೆಂದದ ಪ್ರಶ್ನೆಯಲ್ಲ. ಬೋಲ್ಟ್ ಮೇಲಿದ್ದ ಚಿತ್ರವನ್ನು ನಂಬಿದ ಫಿಟ್ಟರ್, ಬ್ಲಾಕ್ ಕಂಬಕ್ಕೆ ಬಿಗಿದುಕೊಂಡಿರುವಾಗಲೇ ಬೋಲ್ಟ್ ಬದಲಿಸಬಹುದೆಂದು ತಿಳಿದು ಗಿರಣಿಗೆ ಹೋಗುತ್ತಾನೆ. ಅಲ್ಲಿ ಹೋದ ಮೇಲೆ ಬ್ಲಾಕನ್ನೇ ಕಂಬದಿಂದ ಬಿಡಿಸಬೇಕು, ಅದಕ್ಕೂ ಮೊದಲು ಶಾಫ್ಟನ್ನು ಎತ್ತಿ ಆಧಾರ ಕೊಡಬೇಕು ಎಂಬುದು ಗೊತ್ತಾಗುತ್ತದೆ. ಒಂದು ಗಂಟೆಯ ಕೆಲಸ ಒಂದು ದಿನದ್ದಾಗುತ್ತದೆ.

ಕೊನೆಯದಾಗಿ, ಒಂದು ಭಾಗದ ನಡುಗೆರೆಯಿಂದ ಇನ್ನೊಂದಕ್ಕೆ ತೆಳುವಾದ ಜಾಡು ಗೆರೆಗಳನ್ನು ಎಳೆಯಬೇಕು. ಚೆಕ್ ನಟ್‌ನಿಂದ ಹೊರಟು ನಟ್, ಕ್ಯಾಪಿನ ತೂತು, ಬಾಡಿಯ ತೂತುಗಳನ್ನು ಹಾದು ಬೋಲ್ಟನ್ನು ಸೇರುವ ಒಂದೇ ಗೆರೆ, ಯಾವ ಬೋಲ್ಟ್ ಯಾವ ತೂತಿಗೆ ಎಂಬುದನ್ನು ಹೇಳಿಬಿಡುತ್ತದೆ. ಕೆಳ ಬ್ರಾಸಿನ ಉಬ್ಬಿನಿಂದ ಬಾಡಿಯ ತೂತಿಗೂ ಒಂದು ಗೆರೆ ಇರಲಿ.

ಪಟ್ಟಿ: ಎಣಿಸುವುದು ಯಾರು, ಏನನ್ನು?

ಡ್ರಾಯಿಂಗ್ ಹಾಳೆಗೆ ಜೋಡಣೆಯ ನೋಟವನ್ನು ತಂದು, ಆ ನೋಟದ ಗುಣಗಳಲ್ಲಿ ಬಿಡಿಸಿದ ಸ್ಥಿತಿಯನ್ನು ಆರಿಸಿಕೊಂಡ ಮೇಲೆ `Bill of Materials` ಸೇರಿಸಬೇಕು. ಪಟ್ಟಿ ತಾನಾಗಿಯೇ ತುಂಬಿಕೊಳ್ಳುತ್ತದೆ.

| ಸಂಖ್ಯೆ | ಭಾಗ | ಲೋಹ | ಎಷ್ಟು |
|---|---|---|---|
| 1 | ಬಾಡಿ | ಬೀಡು | 1 |
| 2 | ಕೆಳ ಬ್ರಾಸ್ | ಗನ್‌ಮೆಟಲ್ | 1 |
| 3 | ಮೇಲ್ ಬ್ರಾಸ್ | ಗನ್‌ಮೆಟಲ್ | 1 |
| 4 | ಕ್ಯಾಪ್ | ಬೀಡು | 1 |
| 5 | ಚೌಕ ತಲೆಯ ಬೋಲ್ಟ್ | ಮೈಲ್ಡ್ ಸ್ಟೀಲ್ | 2 |
| 6 | ನಟ್ | ಮೈಲ್ಡ್ ಸ್ಟೀಲ್ | 2 |
| 7 | ಚೆಕ್ ನಟ್ | ಮೈಲ್ಡ್ ಸ್ಟೀಲ್ | 2 |

ಇಲ್ಲಿ ಸಾಫ್ಟ್‌ವೇರ್ ಎಣಿಸುವುದು ಚಿತ್ರದಲ್ಲಿ ಕಾಣುವುದನ್ನಲ್ಲ, ಜೋಡಣೆಯ ಕಡತದಲ್ಲಿ ಇರುವುದನ್ನು. ಈ ವ್ಯತ್ಯಾಸ ತಿಳಿದರೆ ಹಲವು ತೊಡಕುಗಳು ಬಿಡಿಸಿಕೊಳ್ಳುತ್ತವೆ. ಕಣ್ಣಿಗೆ ಕಾಣದಂತೆ ಮರೆಮಾಡಿದ ಭಾಗವೂ ಎಣಿಕೆಗೆ ಬರುತ್ತದೆ. ಅದೇ ರೀತಿ, ಬ್ಲಾಕಿನೊಳಗೆ ಶಾಫ್ಟ್ ಹೇಗೆ ಕೂರುತ್ತದೆ ಎಂದು ತೋರಿಸಲಷ್ಟೇ ಸೇರಿಸಿದ ಶಾಫ್ಟ್ ತುಂಡೂ ಎಂಟನೇ ಸಾಲಾಗಿ ಬಂದು ಕೂರುತ್ತದೆ; ಅದು ನಾವು ಕೊಡಬೇಕಾದ ಮಾಲಲ್ಲವಾದ್ದರಿಂದ ಅದರ ಗುಣಗಳಲ್ಲಿ `Exclude from bill of materials` ಎಂದು ಗುರುತು ಹಾಕಬೇಕು. ಇದಕ್ಕೆ ಉಲ್ಟಾ, ಬೇರಿಂಗಿಗೆ ಹಾಕುವ ಎಣ್ಣೆಯಂಥದ್ದಕ್ಕೆ ಮಾದರಿಯೇ ಇಲ್ಲದ ಕಾರಣ ಅದು ತಾನಾಗಿ ಎಂದೂ ಪಟ್ಟಿಗೆ ಬರುವುದಿಲ್ಲ. ಬೇಕಿದ್ದರೆ ನಾವೇ ಸೇರಿಸಬೇಕು.

ಇನ್ನೊಂದು ತಪ್ಪು ಕಡತದ ಹೆಸರಿನಲ್ಲಿ ಹುಟ್ಟುತ್ತದೆ. ಎರಡನೇ ನಟ್ ಬೇಕೆಂದಾಗ ಮೊದಲ ನಟ್ಟಿನ ಕಡತವನ್ನೇ ಮತ್ತೊಮ್ಮೆ ಸೇರಿಸುವ ಬದಲು, ಅದರ ನಕಲು ಮಾಡಿ ಬೇರೆ ಹೆಸರಿಟ್ಟು ಸೇರಿಸಿದರೆ, ಪಟ್ಟಿಯಲ್ಲಿ ನಟ್ 1, ಇನ್ನೊಂದು ಸಾಲಿನಲ್ಲಿ ಮತ್ತೆ ನಟ್ 1 ಎಂದು ಬರುತ್ತದೆ. ಆಕಾರ ಒಂದೇ ಎಂಬುದನ್ನು ಸಾಫ್ಟ್‌ವೇರ್ ನೋಡುವುದಿಲ್ಲ. ಒಂದೇ ಬಗೆಯ ಭಾಗ ಎರಡು ಸಾಲಿನಲ್ಲಿ ಕಂಡರೆ ಕಾರಣ ಬಹುಮಟ್ಟಿಗೆ ಇದೇ.

ಜೋಡಣೆಯೊಳಗೆ ಜೋಡಣೆ ಇದ್ದಾಗ ಇನ್ನೊಂದು ಆಯ್ಕೆ ಎದುರಾಗುತ್ತದೆ. ಗಿರಣಿಯ ಉದ್ದ ಶಾಫ್ಟಿಗೆ ಇಂಥ ಮೂರು ಬ್ಲಾಕ್‌ಗಳಿವೆ ಎನ್ನೋಣ. `Top-level only` ಆರಿಸಿದರೆ ಇಡೀ ಶಾಫ್ಟಿನ ಪಟ್ಟಿಯಲ್ಲಿ ಪ್ಲಮ್ಮರ್ ಬ್ಲಾಕ್ 3 ಎಂಬ ಒಂದೇ ಸಾಲು ಬರುತ್ತದೆ. `Parts only` ಆರಿಸಿದರೆ ಬ್ಲಾಕಿನ ಹೆಸರೇ ಮಾಯವಾಗಿ ಬಾಡಿ 3, ಬೋಲ್ಟ್ 6, ನಟ್ 6 ಎಂದು ಬಿಡಿ ಲೆಕ್ಕ ಬರುತ್ತದೆ. ಜೋಡಿಸುವವನಿಗೆ ಮೊದಲನೆಯದು ಅನುಕೂಲ, ನಟ್ ಬೋಲ್ಟ್ ಕೊಳ್ಳಲು ಪೇಟೆಗೆ ಹೋಗುವವನಿಗೆ ಎರಡನೆಯದು. ಹಾಳೆ ಯಾರ ಕೈ ಸೇರುತ್ತದೆ ಎಂಬುದನ್ನು ಮೊದಲು ಕೇಳಿಕೊಂಡು ಆರಿಸಬೇಕು.

ಪಟ್ಟಿಯನ್ನು ಹಾಳೆಯಲ್ಲಿ ಎಲ್ಲಿಡಬೇಕು ಎಂಬುದಕ್ಕೂ ಒಂದು ಪದ್ಧತಿ ಇದೆ. ಭಾಗಗಳ ಪಟ್ಟಿಗಾಗಿಯೇ ಇರುವ ಐಎಸ್‌ಒ 7573 ಮಾನಕದ ಪ್ರಕಾರ, ಪಟ್ಟಿ ಡ್ರಾಯಿಂಗ್ ಹಾಳೆಯಲ್ಲೇ ಇದ್ದರೆ ಶೀರ್ಷಿಕೆಯ ಸಾಲು ಕೆಳಗಿದ್ದು, ಸಂಖ್ಯೆಗಳು ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಬೇರೆ ಹಾಳೆಯಲ್ಲಿದ್ದರೆ ಮೇಲಿನಿಂದ ಕೆಳಕ್ಕೆ. ಮೊದಲ ಸಲ ನೋಡಿದವರಿಗೆ ತಲೆಕೆಳಗೆ ಎನಿಸಿದರೂ ಇದರಲ್ಲಿ ಅನುಕೂಲವಿದೆ. ಪಟ್ಟಿ ಹಾಳೆಯ ಬಲಮೂಲೆಯ ಟೈಟಲ್ ಬ್ಲಾಕಿನ ಮೇಲೆ ಕೂರುತ್ತದೆ, ಹೊಸ ಭಾಗ ಬಂದಾಗ ಮೇಲ್ಗಡೆಯ ಖಾಲಿ ಜಾಗಕ್ಕೆ ಬೆಳೆಯುತ್ತದೆ.

ಬಲೂನ್ ಹಾಕುವ ಬಗೆ

`Auto Balloon` ಒತ್ತಿದರೆ ಎಲ್ಲ ಭಾಗಗಳಿಗೂ ಒಂದೇ ಬಾರಿಗೆ ಬಲೂನ್‌ಗಳು ಬರುತ್ತವೆ. ಆದರೆ ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. ಗೆರೆಗಳು ಒಂದನ್ನೊಂದು ಕತ್ತರಿಸುತ್ತಿದ್ದರೆ ಕೈಯಿಂದ ಸರಿಪಡಿಸಬೇಕು. ಗೆರೆ ಆದಷ್ಟು ಗಿಡ್ಡವಾಗಿರಬೇಕು, ತುಸು ಓರೆಯಾಗಿರಬೇಕು. ನೆಟ್ಟಗೆ ಲಂಬವಾಗಿ ಎಳೆದರೆ ಅದು ಭಾಗದ ಅಂಚೋ ಬಲೂನಿನ ಗೆರೆಯೋ ತಿಳಿಯುವುದಿಲ್ಲ. ಗೆರೆಯ ತುದಿ ಭಾಗದ ಅಂಚನ್ನು ಮುಟ್ಟಿದರೆ ಬಾಣದ ಮೊನೆ, ಭಾಗದ ಮೈಮೇಲೆ ನಿಂತರೆ ಚುಕ್ಕೆ. ಬಲೂನ್‌ಗಳೆಲ್ಲ ಒಂದು ನೇರ ಕಂಬಸಾಲಿನಲ್ಲಿ ನಿಂತರೆ ಹುಡುಕುವ ಕಣ್ಣಿಗೆ ಸುಲಭ. ಅಂಕಿಗಳ ಅಕ್ಷರ ಅಳತೆಗಳ ಅಕ್ಷರಕ್ಕಿಂತ ದೊಡ್ಡದಿರಬೇಕು.

ಒಂದೇ ಬಗೆಯ ಎರಡು ಬೋಲ್ಟ್‌ಗಳಿದ್ದರೆ ಎರಡಕ್ಕೂ ಸಂಖ್ಯೆ 5 ಒಂದೇ, ಮತ್ತು ಬಲೂನ್ ಒಂದಕ್ಕೆ ಮಾತ್ರ ಸಾಕು. ಎಷ್ಟು ಎಂಬುದನ್ನು ಪಟ್ಟಿ ಹೇಳುತ್ತದೆ, ಬಲೂನ್ ಹೇಳಬೇಕಿಲ್ಲ.

ಮೂರನೇ ನಂಬರಿನ ಕತೆ

ಈ ಪ್ಲಮ್ಮರ್ ಬ್ಲಾಕಿನ ಹಾಳೆಯನ್ನು ನಾನು ಮೊದಲ ಸಲ ಮಾಡಿದಾಗ ಬಲೂನ್‌ಗಳಲ್ಲಿ ಒಂದು ಓರೆಯಾಗಿ ಕೂತಿತ್ತು. ಅದನ್ನು ಅಳಿಸಿ, ಹೊಸದಾಗಿ ಹಾಕಿ, ಒಳಗೆ ಅಂಕಿಯನ್ನು ಕೈಯಿಂದಲೇ ಟೈಪ್ ಮಾಡಿದೆ. ಬಲೂನಿನ ಒಳಗಿನದು `Item Number` ಎಂದಿದ್ದರೆ ಅದು ಪಟ್ಟಿಗೆ ಕಟ್ಟಿಕೊಂಡಿರುತ್ತದೆ. `Text` ಎಂದಾದರೆ ಅದು ಬರಿಯ ಬರಹ. ಆ ದಿನ ಎರಡೂ ಒಂದೇ ರೀತಿ ಕಾಣುತ್ತಿದ್ದವು, ಅಂಕಿಗಳೂ ಸರಿಯಾಗಿಯೇ ಇದ್ದವು. ಮೇಲ್ ಬ್ರಾಸಿಗೆ 3.

ಕೆಲವು ವಾರಗಳ ನಂತರ ಬ್ಲಾಕಿಗೆ ಶಿಮ್‌ಗಳನ್ನು ಸೇರಿಸಬೇಕಾಯಿತು. ಕ್ಯಾಪ್ ಮತ್ತು ಬಾಡಿಯ ನಡುವೆ ಇಡುವ ತೆಳು ತಗಡುಗಳವು. ಬ್ರಾಸ್ ಸವೆದಂತೆ ಒಂದೊಂದು ತೆಗೆದರೆ ಕ್ಯಾಪ್ ತುಸು ಕೆಳಗಿಳಿದು ಶಾಫ್ಟಿನ ಸಡಿಲು ಕಡಿಮೆಯಾಗುತ್ತದೆ. ಜೋಡಣೆಯ ಕ್ರಮಕ್ಕೆ ಸರಿಹೊಂದಲೆಂದು ಶಿಮ್ಮನ್ನು ಕೆಳ ಬ್ರಾಸಿನ ನಂತರ ಇಟ್ಟೆವು. ಪಟ್ಟಿ ಜೋಡಣೆಯ ಕ್ರಮವನ್ನು ಅನುಸರಿಸುವಂತೆ ಇದ್ದುದರಿಂದ ಶಿಮ್ಮಿಗೆ 3 ಬಂತು, ಮೇಲ್ ಬ್ರಾಸ್ 4 ಆಯಿತು, ಅಲ್ಲಿಂದ ಮುಂದಿನವೆಲ್ಲ ಒಂದೊಂದು ಮುಂದಕ್ಕೆ ಹೋದವು. ಪಟ್ಟಿಗೆ ಕಟ್ಟಿಕೊಂಡಿದ್ದ ಬಲೂನ್‌ಗಳು ತಾವೇ ಬದಲಾದವು. ನಾನು ಟೈಪ್ ಮಾಡಿದ ಬಲೂನ್ ಬದಲಾಗಲಿಲ್ಲ. ಮೇಲ್ ಬ್ರಾಸಿನ ಪಕ್ಕದಲ್ಲಿ 3 ಹಾಗೆಯೇ ಉಳಿಯಿತು.

ಗುಬ್ಬಿಯ ಕಡೆಯ ಒಂದು ಗಿರಣಿಯಿಂದ ಫೋನ್ ಬಂತು. "ಸಾರ್, ಮೇಲಿನ ಬ್ರಾಸ್ ಸವೆದೋಗಿದೆ. ನಿಮ್ಮ ಹಾಳೇಲಿ ಮೂರನೇ ನಂಬರು. ಬೇಗ ಕಳಿಸ್ಕೊಡಿ." ಫೋನ್ ಎತ್ತಿದ ಹುಡುಗ ಬರೆದುಕೊಂಡದ್ದು ನಂಬರನ್ನು ಮಾತ್ರ. ಸ್ಟೋರ್ಸಿನವರು ಪಟ್ಟಿಯ ಮೂರನೇ ಸಾಲನ್ನು ನೋಡಿ ಅದರಂತೆಯೇ ಕಟ್ಟಿ ಕಳಿಸಿದರು. ಮರುದಿನ ಗಿರಣಿಯಲ್ಲಿ ಪೊಟ್ಟಣ ಬಿಚ್ಚಿದಾಗ ಗನ್‌ಮೆಟಲ್ ಬ್ರಾಸಿನ ಬದಲು ಅಂಗೈ ಅಗಲದ ತಗಡುಗಳಿದ್ದವು. ರಾಗಿ ಬೀಸಿಸಲು ಬಂದವರು ಇನ್ನೊಂದು ದಿನ ಹಿಂದಿರುಗಬೇಕಾಯಿತು. ಸ್ಟೋರ್ಸಿನವರದೂ ಗಿರಣಿಯವರದೂ ತಪ್ಪಿರಲಿಲ್ಲ. ಇಬ್ಬರೂ ಹಾಳೆಯನ್ನು ನಂಬಿದ್ದರು.

ಇದನ್ನು ತಡೆಯಲು ಎರಡು ಕೆಲಸ ಬೇಕು. ಒಂದು, ಬಲೂನಿನೊಳಗೆ ಅಂಕಿಯನ್ನು ಎಂದೂ ಟೈಪ್ ಮಾಡದೆ ಪಟ್ಟಿಯಿಂದಲೇ ಬರುವಂತೆ ಬಿಡುವುದು. ಆದರೆ ಅದಷ್ಟೇ ಸಾಲದು. ಬಲೂನ್‌ಗಳೆಲ್ಲ ಸರಿಯಾಗಿ ಬದಲಾಗಿದ್ದರೂ, ಗಿರಣಿಯ ಗೋಡೆಗೆ ಅಂಟಿಸಿದ ಹಳೆಯ ಹಾಳೆಯಲ್ಲಿ ಮೇಲ್ ಬ್ರಾಸ್ 3 ಎಂದೇ ಇರುತ್ತಿತ್ತು. ಆದ್ದರಿಂದ ಎರಡನೆಯದು ಹೆಚ್ಚು ಮುಖ್ಯ: ಹಾಳೆ ಒಮ್ಮೆ ಹೊರಗೆ ಹೋದ ಮೇಲೆ ಅದರ ಸಂಖ್ಯೆಗಳನ್ನು ಕದಲಿಸಬಾರದು. ಪಟ್ಟಿಯ ಆಯ್ಕೆಗಳಲ್ಲಿ `Do not change item numbers` ಎಂಬುದನ್ನು ಒತ್ತಿಟ್ಟರೆ ಹೊಸ ಭಾಗ ಮಧ್ಯೆ ನುಗ್ಗುವುದಿಲ್ಲ. ನಮ್ಮ ಶಿಮ್ ಜೋಡಣೆಯಲ್ಲಿ ಎಲ್ಲೇ ಇರಲಿ, ಅದರ ಸಂಖ್ಯೆ 8 ಆಗಬೇಕಿತ್ತು. ಪಟ್ಟಿಯ ಕ್ರಮ ತುಸು ಕೆಡುತ್ತದೆ ನಿಜ, ಆದರೆ ಹಳೆಯ ಹಾಳೆ ಮತ್ತು ಹೊಸ ಹಾಳೆ ಒಂದೇ ಮಾತನ್ನಾಡುತ್ತವೆ. ಒಂದು ಭಾಗವನ್ನು ಕೈಬಿಟ್ಟರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡದೆ ಖಾಲಿ ಬಿಡುವುದು ಇದೇ ಕಾರಣಕ್ಕೆ.

ಹಾಳೆ ಕಳಿಸುವ ಮುನ್ನ

ಪರದೆಯ ಮೇಲೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿಯಬೇಕು. ಪಟ್ಟಿಯ ಪ್ರತಿ ಸಾಲಿಗೂ ಚಿತ್ರದಲ್ಲಿ ಒಂದು ಬಲೂನ್ ಇದೆಯೇ ಎಂದು ಟಿಕ್ ಹಾಕುತ್ತ ಹೋಗಬೇಕು, ಆಮೇಲೆ ಉಲ್ಟಾ ಹಾದಿಯಲ್ಲಿ ಬಲೂನಿನಿಂದ ಪಟ್ಟಿಗೆ ಬರಬೇಕು. ಪಟ್ಟಿಯಿಂದ ಹೊರಟಿದ್ದರೆ ನಾಲ್ಕನೇ ಸಾಲಿಗೆ ಬಲೂನ್ ಇಲ್ಲ ಎಂಬುದು ತಿಳಿಯುತ್ತಿತ್ತು, ಆದರೆ ತಪ್ಪು ನನ್ನ 3ರಲ್ಲಿದೆ ಎಂಬುದು ತಿಳಿಯುತ್ತಿರಲಿಲ್ಲ, ಏಕೆಂದರೆ ಶಿಮ್ಮಿನ ಮೇಲೂ 3 ಇತ್ತು, ಬ್ರಾಸಿನ ಮೇಲೂ 3 ಇತ್ತು. ಮೂರನೇ ಸಾಲಿಗೆ ಬಲೂನ್ ಇದೆಯೇ ಎಂದರೆ ಇದೆ. ಎರಡನೇ ಸಲ ಬಲೂನಿನಿಂದ ಹೊರಟಾಗಲೇ ಒಂದೇ ಅಂಕಿ ಎರಡು ಬೇರೆ ಭಾಗಗಳನ್ನು ಮುಟ್ಟುತ್ತಿರುವುದು ಕಾಣುತ್ತದೆ. ಕೊನೆಗೆ ಎಷ್ಟು ಎಂಬ ಕಂಬವನ್ನು ಕೂಡಿಸಬೇಕು. ಶಿಮ್ ಇಲ್ಲದ ಬ್ಲಾಕಿಗೆ 10 ಬರಬೇಕು. ಚಿತ್ರದಲ್ಲಿರುವ ತುಂಡುಗಳನ್ನು ಬೆರಳಿಟ್ಟು ಎಣಿಸಿದಾಗಲೂ 10 ಬರಬೇಕು.

ಬಿಡಿಸಿದ ನೋಟ ಯಾವ ಭಾಗ ಎಲ್ಲಿ ಎಂಬುದನ್ನು ಹೇಳುತ್ತದೆ, ಎಷ್ಟು ಬಿಗಿ ಎಂಬುದನ್ನು ಹೇಳುವುದಿಲ್ಲ. ಕೆಳ ಬ್ರಾಸಿನ ಉಬ್ಬು ತೂತಿನೊಳಗೆ ಎಷ್ಟು ಆಳ ಇಳಿಯುತ್ತದೆ, ಶಾಫ್ಟ್ ಮತ್ತು ಬ್ರಾಸಿನ ನಡುವೆ ಎಷ್ಟು ಸಂದು ಎಂಬುದಕ್ಕೆ ಜೋಡಿಸಿದ ಸ್ಥಿತಿಯಲ್ಲೇ ಬ್ಲಾಕನ್ನು ಅಡ್ಡಲಾಗಿ ಕೊಯ್ದಂತೆ ತೋರಿಸುವ ಸೆಕ್ಷನ್ ನೋಟ ಬೇಕು. ಹಾಳೆಯ ಎಡಗಡೆ ಆ ನೋಟ, ನಡುವೆ ಬಿಡಿಸಿದ ನೋಟ, ಬಲಗಡೆ ಪಟ್ಟಿ. ಎರಡು ನೋಟಗಳಲ್ಲೂ ಮೇಲ್ ಬ್ರಾಸಿನ ಪಕ್ಕ ಅದೇ 3.